ಮದುವೆಗೆ ಯಾವ ಬಣ್ಣದ ಸೀರೆ? ಕಿಟಕಿ ಪಕ್ಕ ನಿಂತು ಆರಿಸುವ ಕ್ರಮ

ನನ್ನ ಅಕ್ಕನ ಮಗಳು ಮಂಡ್ಯದಿಂದ ಒಂದು ಭಾನುವಾರ ಬೆಳಿಗ್ಗೆ ಬಂದಳು. ಕೈಯಲ್ಲಿ ದೊಡ್ಡ ಬ್ಯಾಗು, ಅದರಲ್ಲಿ ಐದು ಸೀರೆ. ಅವಳ ಅಣ್ಣನ ಮದುವೆಗೆ ಇನ್ನು ಒಂದು ತಿಂಗಳಿತ್ತು. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ, ಆಮೇಲೆ ಒಂದು ದಿನ ಬಿಟ್ಟು ಬೀಗರ ಊಟ. ಮೂರು ಹೊತ್ತಿಗೆ ಮೂರು ಸೀರೆ ಬೇಕು.

"ಚಿಕ್ಕಮ್ಮಾ, ನಂಗೆ ಯಾವುದು ಒಪ್ಪುತ್ತೆ ನೀನೇ ಹೇಳು. ಅಮ್ಮ ಒಂದು ಹೇಳ್ತಾಳೆ, ಫ್ರೆಂಡ್ಸ್ ಇನ್ನೊಂದು ಹೇಳ್ತಾರೆ. ನನ್ನ ಬಣ್ಣಕ್ಕೆ ಡಾರ್ಕ್ ಉಟ್ಟರೆ ಇನ್ನೂ ಕಪ್ಪಾಗಿ ಕಾಣ್ತೀನಂತೆ."

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮದುವೆ ಸೀಸನ್ನಿನಲ್ಲಿ ಈ ಪ್ರಶ್ನೆ ಕೇಳದ ದಿನ ಇಲ್ಲ. ನಾನು ಬಣ್ಣದ ಹೆಸರು ಹೇಳಿ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲ ಆಯಿತು. "ಬಾ, ಕಿಟಕಿ ಹತ್ತಿರ ಕೂತ್ಕೋ" ಎನ್ನುತ್ತೇನೆ. ಅಲ್ಲಿ ಅರ್ಧ ಗಂಟೆ ಕೂತರೆ ಉತ್ತರ ಅವರಿಗೇ ಕಾಣಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಒಪ್ಪುವ ಬಣ್ಣ ಅಂದರೆ ಬೆಳ್ಳಗೆ ಕಾಣಿಸುವ ಬಣ್ಣ ಅಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ಮುಖ ಹೇಗಿರುತ್ತದೋ ಹಾಗೆ ಕಾಣಿಸಿದರೆ ಅದು ಒಪ್ಪುವ ಬಣ್ಣ. ಎಣ್ಣೆಗೆಂಪು ಮುಖ ಎಣ್ಣೆಗೆಂಪಾಗಿಯೇ ಹೊಳೆಯಬೇಕು.

ಚರ್ಮದಲ್ಲಿ ನೋಡಬೇಕಾದ್ದು ಏನು

ನಾವು ಕಪ್ಪು, ಬಿಳಿ, ಗೋಧಿ ಬಣ್ಣ, ಎಣ್ಣೆಗೆಂಪು ಅಂತ ಹೆಸರಿಡುತ್ತೇವೆ. ಆದರೆ ಯಾರ ಚರ್ಮವನ್ನೇ ತೆಗೆದುಕೊಳ್ಳಿ, ಅದು ಕಿತ್ತಳೆ ಕಡೆಗೆ ವಾಲಿದ ಕಂದು. ತುಂಬಾ ತಿಳಿಯಾದ ಚರ್ಮವೂ ಅದೇ ಜಾತಿಯ ಬಣ್ಣ, ತುಂಬಾ ಗಾಢವಾದದ್ದೂ ಅದೇ. ಒಬ್ಬರಿಂದ ಒಬ್ಬರಿಗೆ ದೊಡ್ಡ ವ್ಯತ್ಯಾಸ ಇರುವುದು ಎಷ್ಟು ಗಾಢ ಅನ್ನುವುದರಲ್ಲಿ. ಒಳಗಿನ ಛಾಯೆ ಸ್ವಲ್ಪ ಹಳದಿಯೋ, ಸ್ವಲ್ಪ ಕೆಂಪೋ ಅನ್ನುವ ವ್ಯತ್ಯಾಸ ಚಿಕ್ಕದು.

ಅದಕ್ಕೇ ನಾನು ಗಾಢತೆಯಿಂದ ಶುರು ಮಾಡುತ್ತೇನೆ. ಮುಂಗೈ ತಿರುಗಿಸಿ ನರ ನೀಲಿಯೋ ಹಸಿರೋ ಅಂತ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಗಾಢ ಚರ್ಮದಲ್ಲಿ ನರ ಸರಿಯಾಗಿ ಕಾಣುವುದೇ ಇಲ್ಲ. ಕಂಡರೂ ಟ್ಯೂಬ್‌ಲೈಟಿನಲ್ಲಿ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು ಬಣ್ಣ. ನಮ್ಮ ಕಡೆಯ ಮುಖಗಳಿಗೆ ಅದನ್ನು ನಂಬಿ ಸೀರೆ ಆರಿಸಬೇಡಿ.

ಮುಖದ ಬಣ್ಣ ಸೀರೆಯ ಜೊತೆ ಬದಲಾದಂತೆ ಕಾಣುವುದಕ್ಕೆ ಎರಡು ಕಾರಣ ಇವೆ. ಒಂದು, ಬೆಳಕು ಬಟ್ಟೆಗೆ ಬಿದ್ದು, ಬಟ್ಟೆಯ ಬಣ್ಣ ಹೊತ್ತು, ಗದ್ದದ ಕೆಳಗೆ ಮತ್ತು ದವಡೆಯ ಮೇಲೆ ಬೀಳುತ್ತದೆ. ಗಿಳಿಹಸಿರು ಸೀರೆಯನ್ನು ಎದೆಯ ಮೇಲೆ ಹಿಡಿದು ಕನ್ನಡಿಯಲ್ಲಿ ಗದ್ದದ ಅಡಿ ನೋಡಿ, ಹಸಿರು ನೆರಳು ಕಾಣುತ್ತದೆ. ಎಣ್ಣೆಗೆಂಪು ಮುಖದಲ್ಲಿ ಹೊಳಪು ಜಾಸ್ತಿ ಇದ್ದರೆ ಆ ಹೊಳಪಿನಲ್ಲೂ ಬಟ್ಟೆಯ ಬಣ್ಣ ಕೂತುಬಿಡುತ್ತದೆ.

ಎರಡನೆಯದು ನಮ್ಮ ಕಣ್ಣಿನ ಕೆಲಸ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ಶೆವ್ರಲ್ ಎಂಬ ರಸಾಯನ ವಿಜ್ಞಾನಿ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ದೂರು ಬಂತು. ನೋಡಿದರೆ ನೂಲಿನಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣದಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣ ನಮ್ಮ ಕಣ್ಣನ್ನು ತನ್ನ ಎದುರು ಬಣ್ಣದ ಕಡೆ ತಳ್ಳುತ್ತದೆ ಅಂತ ಅವರು 1839ರಲ್ಲಿ ವಿವರವಾಗಿ ಬರೆದರು. ಕಿತ್ತಳೆ-ಕಂದಿಗೆ ಎದುರು ಬಣ್ಣ ನೀಲಿ. ಹಾಗಾಗಿ ನವಿಲು ಬಣ್ಣ, ಆನಂದ ಬಣ್ಣ ಪಕ್ಕಕ್ಕೆ ಬಂದರೆ ಕಂದು ಮುಖಕ್ಕೆ ಕಳೆ ಏರಿದ ಹಾಗೆ ಕಾಣುತ್ತದೆ. ಚರ್ಮದ ಜಾತಿಯದೇ ಬಣ್ಣ, ಆದರೆ ಅದಕ್ಕಿಂತ ತುಂಬಾ ಢಾಳಾದದ್ದು ಪಕ್ಕಕ್ಕೆ ಬಂದರೆ ಮುಖ ಬಾಡಿದ ಹಾಗೆ ಕಾಣುತ್ತದೆ.

ಕೂರುವ ಜಾಗ ಮತ್ತು ಹೊತ್ತು

ನೇರ ಬಿಸಿಲು ಬೀಳದ ಕಿಟಕಿ ಬೇಕು. ಉತ್ತರದ ಕಿಟಕಿ ಇದ್ದರೆ ಅದೇ ಒಳ್ಳೆಯದು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ಒಳಗೆ ಕೂರಿ. ಮನೆಯ ಎಲ್ಲ ದೀಪ ಆರಿಸಿ. ಬಲ್ಬ್ ಉರಿಯುತ್ತಿದ್ದರೆ ಮುಖದ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಆಗಿ ಏನೂ ತಿಳಿಯುವುದಿಲ್ಲ. ಕಿಟಕಿಗೆ ಮುಖ ಮಾಡಿ, ಮೂರು ಅಡಿ ದೂರದಲ್ಲಿ ಕೂರಿ. ಕಿಟಕಿಗೆ ಬಣ್ಣದ ಪರದೆ ಇದ್ದರೆ ಪೂರ್ತಿ ಸರಿಸಿ. ಗೋಡೆಗೆ ಗುಲಾಬಿ ಪೇಂಟ್ ಇದ್ದರೆ ಬೇರೆ ಕೋಣೆ ನೋಡಿ, ಯಾಕೆಂದರೆ ಗೋಡೆಯೂ ಮುಖದ ಮೇಲೆ ಬಣ್ಣ ಚೆಲ್ಲುತ್ತದೆ.

ಮುಖ ತೊಳೆದು ಒರೆಸಿ. ಪೌಡರ್, ಲಿಪ್‌ಸ್ಟಿಕ್ ಬೇಡ. ಕೂದಲು ಹಿಂದಕ್ಕೆ ಕಟ್ಟಿ. ಉಟ್ಟಿರುವ ಬಟ್ಟೆ ಬಣ್ಣದ್ದಾಗಿದ್ದರೆ ಮೇಲೆ ಒಂದು ಬಿಳಿ ಟವೆಲ್ ಹೊದೆಯಿರಿ. ಕೈಯಲ್ಲಿ ಮಧ್ಯಮ ಅಳತೆಯ ಕನ್ನಡಿ ಇರಲಿ, ಅಥವಾ ಎದುರಿಗೆ ಕೂತು ನೋಡುವ ಒಬ್ಬರು ಇರಲಿ. ಒಬ್ಬರೇ ಸಾಕು. ನಾಲ್ಕು ಜನ ಸೇರಿದರೆ ಸೀರೆಯ ಬೆಲೆ, ಅಂಚು, ಯಾರ ಮದುವೆಯಲ್ಲಿ ತೆಗೆದದ್ದು ಅನ್ನುವ ಮಾತೇ ನಡೆಯುತ್ತದೆ, ಮುಖ ನೋಡುವವರು ಇರುವುದಿಲ್ಲ.

ಎರಡೆರಡಾಗಿ ಹಿಡಿದು ನೋಡುವುದು

ಸೀರೆಯನ್ನು ಪೂರ್ತಿ ಉಡಬೇಕಾಗಿಲ್ಲ. ಒಡಲಿನ ಬಣ್ಣ ಹೊರಗೆ ಬರುವ ಹಾಗೆ ಮಡಿಸಿ, ಕತ್ತಿನ ಬುಡದಿಂದ ಎದೆಯ ತನಕ ಹರವಿ. ಒಂದು ಸೀರೆಯನ್ನು ಒಂದೇ ನೋಡಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಎರಡನ್ನು ಒಂದರ ಮೇಲೊಂದು ಹರವಿ, ಮೇಲಿನದನ್ನು ತಟ್ಟನೆ ಎಳೆಯಿರಿ. ಮತ್ತೆ ಹಾಕಿ, ಮತ್ತೆ ಎಳೆಯಿರಿ. ಆ ಬದಲಾಗುವ ಕ್ಷಣದಲ್ಲಿ ಮುಖಕ್ಕೆ ಏನಾಗುತ್ತದೆ ಅನ್ನುವುದೇ ಉತ್ತರ.

ಕಣ್ಣು ಮುಖದ ಮೇಲೇ ಇರಲಿ. ನಾಲ್ಕು ಜಾಗ ನೋಡಿ: ಕಣ್ಣಿನ ಕೆಳಗಿನ ನೆರಳು, ಮೂಗಿನ ಪಕ್ಕದಿಂದ ಬಾಯಿ ಸುತ್ತ ಇರುವ ಕಪ್ಪು, ದವಡೆಯ ಗೆರೆ, ಮತ್ತು ಕಣ್ಣಿನ ಬಿಳಿ. ಒಪ್ಪುವ ಬಣ್ಣ ಬಂದಾಗ ಕಣ್ಣಿನ ಕೆಳಗಿನ ನೆರಳು ಕಡಿಮೆಯಾದ ಹಾಗೆ ಕಾಣುತ್ತದೆ, ಮುಖ ಒಂದೇ ಸಮ ಇರುತ್ತದೆ, ಕಣ್ಣಿನ ಬಿಳಿ ಶುಭ್ರವಾಗಿರುತ್ತದೆ. ಒಪ್ಪದ ಬಣ್ಣ ಬಂದಾಗ ಬಾಯಿ ಸುತ್ತ ಬೂದಿ ಮೆತ್ತಿದ ಹಾಗೆ ಅಥವಾ ಹಸಿರು-ಹಳದಿಗೆ ತಿರುಗಿದ ಹಾಗೆ ಕಾಣುತ್ತದೆ. ಇನ್ನೊಂದು ಗುರುತೂ ಇದೆ. ಒಪ್ಪದ ಬಣ್ಣದಲ್ಲಿ ನಿಮ್ಮ ಕಣ್ಣು ಮೊದಲು ಸೀರೆಗೆ ಹೋಗಿ ಆಮೇಲೆ ಮುಖಕ್ಕೆ ಬರುತ್ತದೆ.

ಒಂದು ಜೋಡಿ ಆದ ಮೇಲೆ ಅರ್ಧ ನಿಮಿಷ ಬಿಳಿ ಗೋಡೆ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಬಹಳ ಮುಖ್ಯ. ಕೆಂಪು ಸೀರೆಯನ್ನು ತುಂಬಾ ಹೊತ್ತು ನೋಡಿದ ಕಣ್ಣಿಗೆ ಮುಂದೆ ಬರುವುದೆಲ್ಲ ಸ್ವಲ್ಪ ಹಸಿರಾಗಿ ಕಾಣುತ್ತದೆ. ಅಂಗಡಿಯಲ್ಲಿ ಒಂದರ ಮೇಲೊಂದು ಮೂವತ್ತು ಸೀರೆ ಬಿಚ್ಚಿ ಹಾಕಿದಾಗ ತಲೆ ಕೆಟ್ಟು ಏನೋ ಒಂದು ತೆಗೆದುಕೊಂಡು ಬರುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ. ಒಂದು ಸಲಕ್ಕೆ ಐದಾರಕ್ಕಿಂತ ಜಾಸ್ತಿ ನೋಡಬೇಡಿ.

ಪುಟ್ಟಿಯ ಐದು ಸೀರೆ

ನನ್ನ ಅಕ್ಕನ ಮಗಳನ್ನು ನಾವು ಪುಟ್ಟಿ ಅಂತಲೇ ಕರೆಯುವುದು. ಅವಳದು ಗಾಢವಾದ ಎಣ್ಣೆಗೆಂಪು. ಹಣೆ ಮತ್ತು ಕೆನ್ನೆಯ ಮೂಳೆಯ ಮೇಲೆ ಒಳ್ಳೆ ಹೊಳಪು. ಕಣ್ಣಿನ ಕೆಳಗೆ ಸ್ವಲ್ಪ ನೆರಳು, ಬಾಯಿ ಸುತ್ತ ಕೊಂಚ ಕಪ್ಪು. ತಂದ ಸೀರೆಗಳು ಇವು: ಅವರಮ್ಮನಿಗೆ ಇಷ್ಟವಾದ ಸಾಸಿವೆ ಹಳದಿ ಸೀರೆ, ಮರೂನ್ ಅಂಚಿನದು. ಗೆಳತಿಯರು ಹೇಳಿದ ತಿಳಿ ಈರುಳ್ಳಿ ಬಣ್ಣದ್ದು. ಒಂದು ಕಾಫಿ ಬಣ್ಣ. ಒಂದು ಬದನೆಕಾಯಿ ನೇರಳೆ. ಐದನೆಯದು ಅವರಜ್ಜಿಯ ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯದು. ನೀಲಿ ನೂಲು, ಹಸಿರು ನೂಲು ಎರಡೂ ಸೇರಿದ ನವಿಲು ಬಣ್ಣ.

ಮೊದಲು ಕಾಫಿ ಬಣ್ಣವನ್ನೂ ನವಿಲು ಬಣ್ಣವನ್ನೂ ಜೋಡಿ ಮಾಡಿದೆ. ಕಾಫಿ ಬಣ್ಣ ಮೇಲಿದ್ದಾಗ ಅವಳ ಕತ್ತು ಎಲ್ಲಿ ಮುಗಿದು ಸೀರೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ. ಬಣ್ಣದ ಜಾತಿಯೂ ಚರ್ಮದ್ದೇ, ಗಾಢತೆಯೂ ಚರ್ಮದ್ದೇ. ಅದನ್ನು ಎಳೆದು ನವಿಲು ಬಣ್ಣ ಕಂಡ ಕೂಡಲೇ ದವಡೆಯ ಗೆರೆ ಚುರುಕಾಯಿತು. ಕೆನ್ನೆಯ ಮೇಲಿನ ಕೆಂಪು ಮೇಲೆದ್ದು ಬಂತು. ಅವಳೇ ಕನ್ನಡಿ ನೋಡಿ "ಅಯ್ಯೋ, ಇಷ್ಟೊಂದು ವ್ಯತ್ಯಾಸನಾ!" ಅಂದಳು. ಕಾಫಿ ಬಣ್ಣ ಅಲ್ಲಿಗೇ ಬ್ಯಾಗಿಗೆ ಹೋಯಿತು.

ತಿಳಿ ಈರುಳ್ಳಿ ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಢ ಮುಖಕ್ಕೆ ತಿಳಿ ಬಣ್ಣ ಒಪ್ಪುವುದಿಲ್ಲ ಅನ್ನುವ ಮಾತು ಸುಳ್ಳು. ಅಚ್ಚ ಬಿಳಿ, ಬೆಣ್ಣೆ ಬಣ್ಣ, ಸಂಪಿಗೆ ಬಣ್ಣ ಎಣ್ಣೆಗೆಂಪು ಮುಖಕ್ಕೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನಾನು ಎಷ್ಟೋ ಸಲ ನೋಡಿದ್ದೇನೆ. ತೊಂದರೆ ಇರುವುದು ಸುಣ್ಣ ಬೆರೆಸಿದ ಹಾಗಿರುವ ತಿಳಿ ಬಣ್ಣಗಳಲ್ಲಿ. ಬೂದು ಸೇರಿದ ಗುಲಾಬಿ, ಬೂದು ಸೇರಿದ ನೀಲಿ, ಬೂದು ಸೇರಿದ ಲ್ಯಾವೆಂಡರ್ ಇಂಥವು. ಪುಟ್ಟಿಯ ಸೀರೆ ಆ ಜಾತಿಯದು. ಅದನ್ನು ಹರವಿದ ಕೂಡಲೇ ಬಾಯಿ ಸುತ್ತಲಿನ ಕಪ್ಪು ಎದ್ದು ಕಂಡಿತು, ಹಣೆಯ ಹೊಳಪು ಮಂಕಾಯಿತು. ಹೋಲಿಸಲು ನನ್ನ ಹತ್ತಿರ ಇದ್ದ ಬೆಣ್ಣೆ ಬಣ್ಣದ ಬ್ಲೌಸ್ ಪೀಸ್ ಒಂದನ್ನು ಇಟ್ಟೆ. ಅದೂ ತಿಳಿ ಬಣ್ಣವೇ, ಆದರೆ ಮುಖ ಮತ್ತೆ ಶುಭ್ರವಾಯಿತು. ಪೇಸ್ಟಲ್ ಬೇಕೇ ಬೇಕು ಅನ್ನುವವರು ಹೀಗೆ ಬೂದು ಇಲ್ಲದ ತಿಳಿ ಬಣ್ಣವನ್ನು ಪಕ್ಕಕ್ಕಿಟ್ಟು ನೋಡಿ.

ಸಾಸಿವೆ ಹಳದಿ ನನ್ನನ್ನೂ ಯೋಚನೆಗೆ ಹಚ್ಚಿತು. ಒಡಲು ಕತ್ತಿಗೆ ತಾಗಿದ ಹಾಗೆ ಹಿಡಿದಾಗ ಗದ್ದದ ಅಡಿ ಹಳದಿ ನೆರಳು ಬಿತ್ತು, ಕಣ್ಣಿನ ಬಿಳಿಯೂ ಹಳದಿಯಾದ ಹಾಗೆ ಕಂಡಿತು. ಅದೇ ಸೀರೆಯ ಮರೂನ್ ಅಂಚನ್ನು ಕತ್ತಿನ ಹತ್ತಿರ ತಂದು, ಹಳದಿಯನ್ನು ಒಂದು ಗೇಣು ಕೆಳಕ್ಕೆ ಸರಿಸಿದೆ. ನೆರಳು ಹೋಯಿತು. ಸೀರೆ ಬದಲಾಗಲಿಲ್ಲ, ಮುಖಕ್ಕೆ ಹತ್ತಿರ ಇರುವ ಬಣ್ಣ ಮಾತ್ರ ಬದಲಾಯಿತು.

ಬದನೆಕಾಯಿ ನೇರಳೆ ಕಿಟಕಿ ಬೆಳಕಿನಲ್ಲಿ ಬಹಳ ಚೆನ್ನಾಗಿ ಕಂಡಿತು. ಡಾರ್ಕ್ ಉಟ್ಟರೆ ಇನ್ನೂ ಕಪ್ಪಾಗಿ ಕಾಣ್ತೀಯ ಅಂತ ಹೇಳಿದವರಿಗೆ ಇದನ್ನು ತೋರಿಸಬೇಕಿತ್ತು. ಗಾಢ ಬಣ್ಣದ ಪಕ್ಕ ಅವಳ ಮುಖ ಬೆಳಕಾಗಿಯೇ ಕಂಡಿತು. ಪಕ್ಕದಲ್ಲಿ ತನಗಿಂತ ಕಪ್ಪಾದದ್ದು ಇದ್ದರೆ ಯಾವ ಬಣ್ಣವೂ ತಿಳಿಯಾಗಿ ಕಾಣುತ್ತದೆ, ಅಲ್ವಾ?

ಫೋನಿನಲ್ಲಿ ನೋಡುವಾಗ ಆಗುವ ಮೋಸ

ಪುಟ್ಟಿ ಬರುವ ಮೊದಲೇ ಐದೂ ಸೀರೆಯ ಫೋಟೊ ಕಳಿಸಿದ್ದಳು. ಅದರಲ್ಲಿ ಬದನೆಕಾಯಿ ಸೀರೆಯಲ್ಲಿ ಮುಖ ಬೆಳ್ಳಗೆ, ತಿಳಿ ಈರುಳ್ಳಿ ಸೀರೆಯಲ್ಲಿ ಮುಖ ಕಪ್ಪಗೆ ಇತ್ತು. ಅದರಲ್ಲಿ ಅರ್ಧ ಸೀರೆಯ ಗುಣ, ಇನ್ನರ್ಧ ಫೋನಿನ ಕೆಲಸ. ಕ್ಯಾಮೆರಾ ಇಡೀ ಚಿತ್ರವನ್ನು ನಡುವಿನ ಬೆಳಕಿಗೆ ತರಲು ನೋಡುತ್ತದೆ. ಚಿತ್ರದ ಮುಕ್ಕಾಲು ಭಾಗ ಗಾಢ ಸೀರೆ ಇದ್ದರೆ ಬೆಳಕು ಏರಿಸುತ್ತದೆ, ಮುಖವೂ ಬೆಳಗುತ್ತದೆ. ತಿಳಿ ಸೀರೆ ತುಂಬಿದ್ದರೆ ಬೆಳಕು ಇಳಿಸುತ್ತದೆ, ಮುಖ ಕಪ್ಪಾಗುತ್ತದೆ. ಹಳದಿ ಜಾಸ್ತಿ ಇದ್ದರೆ ಅದನ್ನು ಸರಿ ಮಾಡಲು ಹೋಗಿ ಮುಖಕ್ಕೆ ನೀಲಿ ಬೆರೆಸುವುದೂ ಉಂಟು. ಹೀಗಿರುವಾಗ ಐದು ಫೋಟೊ ಹೋಲಿಸಿ ತೀರ್ಮಾನ ಮಾಡುವುದು ಹೇಗೆ?

ದೂರದಲ್ಲಿರುವ ಅಕ್ಕನಿಗೋ ಅತ್ತೆಗೋ ಫೋಟೊ ಕಳಿಸಬೇಕಾದಾಗ ಹೀಗೆ ಮಾಡಿ. ಬ್ಯೂಟಿ ಮೋಡ್, ಫಿಲ್ಟರ್ ಎಲ್ಲ ತೆಗೆಯಿರಿ. ಅದು ಮೂಗು, ಕೆನ್ನೆ, ಬಣ್ಣ ಮೂರನ್ನೂ ತಿದ್ದುತ್ತದೆ. ಹಿಂದಿನ ಕ್ಯಾಮೆರಾದಲ್ಲಿ, ಬೇರೆಯವರ ಕೈಯಲ್ಲಿ, ನಾಲ್ಕೈದು ಅಡಿ ದೂರದಿಂದ ತೆಗೆಸಿ. ಮೊದಲು ಎದೆಯ ಮೇಲೆ ಬಿಳಿ ಟವೆಲ್ ಬದಲು ಬೂದು ಬಣ್ಣದ ಬಟ್ಟೆ ಹಿಡಿದು, ಫೋನಿನ ಪರದೆಯಲ್ಲಿ ನಿಮ್ಮ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಅಂತ ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಚಿಕ್ಕ ಬೀಗದ ಚಿತ್ರ ಬರುತ್ತದೆ. ಈಗ ಬೆಳಕು ಬೀಗ ಹಾಕಿದ ಹಾಗಾಯಿತು. ಫೋನನ್ನು ಅಲ್ಲಾಡಿಸದೆ, ಪರದೆಯನ್ನು ಮತ್ತೆ ಮುಟ್ಟದೆ, ಒಂದೊಂದೇ ಸೀರೆ ಹಾಕಿ ಐದೂ ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಭುಜದ ಪಕ್ಕ ಒಂದು ಬಿಳಿ ಹಾಳೆ ಕಾಣುವ ಹಾಗೆ ಇರಲಿ. ಆಮೇಲೆ ಐದನ್ನೂ ನೋಡುವಾಗ ಮೊದಲು ಹಾಳೆ ನೋಡಿ. ಒಂದರಲ್ಲಿ ಹಾಳೆ ಹಳದಿ, ಇನ್ನೊಂದರಲ್ಲಿ ನೀಲಿ ಇದ್ದರೆ ಆ ಎರಡು ಫೋಟೊ ಹೋಲಿಕೆಗೆ ಬರುವುದಿಲ್ಲ. ಮತ್ತೆ ತೆಗೆಯಿರಿ.

ನೋಡುವವರ ಫೋನಿನಲ್ಲೂ ಒಂದು ತೊಡಕಿದೆ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ Night Light ಅಥವಾ Night Shift ಹಾಕಿದ್ದರೆ ಪರದೆಯೇ ಹಳದಿ. ಅದನ್ನು ಆರಿಸಿ ನೋಡಲು ಹೇಳಿ.

ಇದೇ ಫೋಟೊಗಳಿಂದ ಇನ್ನೊಂದು ಉಪಯೋಗ ಇದೆ. ಒಂದೊಂದರ ಪ್ರತಿ ಮಾಡಿ ಕಪ್ಪು-ಬಿಳುಪಿಗೆ ತಿರುಗಿಸಿ. ಆಗ ಬಣ್ಣ ಹೋಗಿ ಗಾಢತೆ ಮಾತ್ರ ಉಳಿಯುತ್ತದೆ. ಪುಟ್ಟಿಯ ಕಾಫಿ ಸೀರೆಯ ಫೋಟೊದಲ್ಲಿ ಮುಖ, ಕತ್ತು, ಸೀರೆ ಮೂರೂ ಒಂದೇ ಬೂದು. ಬದನೆಕಾಯಿಯಲ್ಲಿ ಸೀರೆ ಮುಖಕ್ಕಿಂತ ಗಾಢ, ಸಾಸಿವೆಯಲ್ಲಿ ತಿಳಿ. ಮುಖಕ್ಕೂ ಸೀರೆಗೂ ಸ್ಪಷ್ಟ ಅಂತರ ಇದ್ದರೆ ಗುಂಪಿನ ಫೋಟೊದಲ್ಲಿ ಮುಖ ಎದ್ದು ಕಾಣುತ್ತದೆ. ಒಂದೇ ಬೂದಾದರೂ ಎದುರು ಬಣ್ಣ ಆಗಿದ್ದರೆ ಪರವಾಗಿಲ್ಲ. ನವಿಲು ಬಣ್ಣದ್ದು ಕಪ್ಪು-ಬಿಳುಪಿನಲ್ಲಿ ಮುಖಕ್ಕೆ ಸಾಕಷ್ಟು ಹತ್ತಿರವೇ ಇತ್ತು, ಆದರೆ ನೀಲಿ-ಹಸಿರು ಆದ್ದರಿಂದ ಗೆದ್ದಿತು. ಜಾತಿಯೂ ಒಂದೇ, ಗಾಢತೆಯೂ ಒಂದೇ ಆದಾಗ ಮಾತ್ರ ಸೀರೆ ಮುಖವನ್ನು ನುಂಗುತ್ತದೆ.

ಅಂಗಡಿಯಿಂದ ವಿಡಿಯೊ ಕಾಲ್ ಮಾಡಿ ಬಣ್ಣ ಆರಿಸುವುದು ಈಗ ಸಾಮಾನ್ಯ. ಅಂಚು, ಬುಟ್ಟಾ, ಸೆರಗಿನ ಕೆಲಸ ನೋಡಲು ಅದು ಸಾಕು. ಬಣ್ಣಕ್ಕೆ ನಂಬಬೇಡಿ, ಕಾಲ್ ನಡೆಯುತ್ತಿರುವಾಗಲೇ ಬೆಳಕಿನ ಲೆಕ್ಕ ಬದಲಾಗುತ್ತಿರುತ್ತದೆ. ನಿಮ್ಮ ಫೋಟೊ ಮೇಲೆ ಸೀರೆ ಅಂಟಿಸಿ ತೋರಿಸುವ ಆ್ಯಪ್‌ಗಳದ್ದೂ ಇದೇ ಕಥೆ. ಸೀರೆಯ ಬೆಳಕು ಗದ್ದಕ್ಕೆ ಬೀಳುವುದನ್ನು ನಿಮ್ಮ ಹಳೇ ಫೋಟೊ ತೋರಿಸಲಾರದು. ಐವತ್ತು ಬಣ್ಣದಿಂದ ಎಂಟಕ್ಕೆ ಇಳಿಸಲು ಬಳಸಿ, ಎಂಟರಿಂದ ಒಂದಕ್ಕೆ ಇಳಿಸಲು ಬೇಡ.

ಆ ಹೊತ್ತಿನ ಬೆಳಕಿನಲ್ಲಿ ಇನ್ನೊಮ್ಮೆ

ಕಿಟಕಿಯಲ್ಲಿ ಗೆದ್ದ ಸೀರೆ ಛತ್ರದಲ್ಲಿ ಸೋಲಬಹುದು. ಇದು ನನಗೆ ಸ್ವಂತ ಅನುಭವದಿಂದ ಬಂದ ಪಾಠ. ಎಷ್ಟೋ ವರ್ಷದ ಹಿಂದೆ ನಾನು ಒಂದು ಅಂಗಡಿಯಲ್ಲಿ ಸಂಜೆ ಹೊತ್ತು, ಹಳದಿ ದೀಪದ ಕೆಳಗೆ ಕಡು ಹಸಿರು ಸೀರೆ ತೆಗೆದುಕೊಂಡೆ. ಅಲ್ಲಿ ಎಲೆಯಷ್ಟು ಜೀವಂತವಾಗಿತ್ತು. ಮರುದಿನ ಬೆಳಿಗ್ಗೆ ಮನೆಯಂಗಳದಲ್ಲಿ ಬಿಚ್ಚಿದರೆ ಬೂದು ಕಲಸಿದ ಹಸಿರು. ನನ್ನ ಗೋಧಿ ಬಣ್ಣದ ಮುಖಕ್ಕೆ ಜ್ವರ ಬಂದ ಕಳೆ ಕೊಡುತ್ತಿತ್ತು. ಅವತ್ತಿನಿಂದ ಯಾವ ಅಂಗಡಿಗೆ ಹೋದರೂ ಕೊನೆಗೆ ಉಳಿದ ಎರಡು ಸೀರೆಯನ್ನು ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡುತ್ತೇನೆ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ. ಹಾಗಾಗಿ ನೇರಳೆ ಕಂದಿನ ಕಡೆ ವಾಲುತ್ತದೆ, ಕಡು ನೀಲಿ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಕೆಂಪು, ಮರೂನ್, ಕಿತ್ತಳೆ ಬಲವಾಗುತ್ತವೆ. ಹಳದಿಯ ಕಟುತನ ಇಳಿಯುತ್ತದೆ, ಯಾಕೆಂದರೆ ಸುತ್ತಲಿನ ಬೆಳಕೇ ಹಳದಿಯಾದಾಗ ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ. ಬಿಳಿ ಎಲ್‌ಇಡಿ ದೀಪ ಇದಕ್ಕೆ ಉಲ್ಟಾ.

ಹಾಗಾಗಿ ಸಂಜೆ ಏಳಕ್ಕೆ ಮನೆಯಲ್ಲಿ ಹಳದಿ ಬಲ್ಬ್ ಹಾಕಿ, ಉಳಿದ ಮೂರು ಸೀರೆಯನ್ನು ಮತ್ತೆ ಹಿಡಿದೆವು. ಪುಟ್ಟಿ ಅದಕ್ಕೂ ಮೊದಲು ಛತ್ರದಲ್ಲಿ ಇನ್ನೊಂದು ಮದುವೆ ನಡೆದಾಗ ಯಾರೋ ತೆಗೆದ ವಿಡಿಯೊ ತರಿಸಿದ್ದಳು. ಆರತಕ್ಷತೆಯ ವೇದಿಕೆ ತುಂಬಾ ಹಳದಿ ದೀಪಗಳು, ಹಿಂದೆ ಕೆಂಪು ಹೂವಿನ ಅಲಂಕಾರ. ಧಾರೆ ನಡೆಯುವ ಜಾಗದ ಎರಡೂ ಕಡೆ ದೊಡ್ಡ ಬಾಗಿಲು, ಬೆಳಿಗ್ಗೆ ಹಗಲು ಬೆಳಕೇ ಜಾಸ್ತಿ. ಹೀಗೆ ಒಂದು ವಿಡಿಯೊ ತರಿಸಿಕೊಳ್ಳುವುದು ಕಷ್ಟವಲ್ಲ. ಹಿನ್ನೆಲೆಯ ಬಣ್ಣವೂ ತಿಳಿಯುತ್ತದೆ. ಕೆಂಪು ಹೂವಿನ ಮುಂದೆ ಕೆಂಪು ಸೀರೆ ಉಟ್ಟು ನಿಂತರೆ ಫೋಟೊದಲ್ಲಿ ಸೀರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಬಲ್ಬಿನ ಕೆಳಗೆ ಬದನೆಕಾಯಿ ನೇರಳೆ ಸತ್ತುಹೋಯಿತು. ಬೆಳಿಗ್ಗೆ ಅಷ್ಟು ಚೆನ್ನಾಗಿದ್ದದ್ದು ಈಗ ಮಂಕು ಕಂದು. ಸಾಸಿವೆ ಹಳದಿ ಮೃದುವಾಯಿತು, ಜರಿ ಬೆಳಗಿತು, ಗದ್ದದ ಅಡಿಯ ಹಳದಿ ನೆರಳು ಮರೂನ್ ಅಂಚಿನಿಂದ ಮುಚ್ಚಿಹೋಯಿತು. ನವಿಲು ಬಣ್ಣ ಹಸಿರಿನ ಕಡೆ ವಾಲಿತು, ಆದರೂ ಕೆಟ್ಟದಾಗಲಿಲ್ಲ. ಎರಡು ಬಣ್ಣದ ನೂಲಿನ ಸೀರೆಯನ್ನು ನೋಡುವಾಗ ಸುಮ್ನೆ ಚಪ್ಪಟೆಯಾಗಿ ಹಿಡಿಯಬೇಡಿ. ನೆರಿಗೆ ಹಿಡಿದು ಅಲ್ಲಾಡಿಸಿ, ಯಾಕೆಂದರೆ ನಿಂತ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಮೈಸೂರು ಸಿಲ್ಕಿನ ಕ್ರೇಪಿಗೆ ಒಂದು ಅನುಕೂಲ ಇದೆ. ನೂಲನ್ನು ಹೆಚ್ಚು ಹುರಿ ಮಾಡಿ ನೇಯುವುದರಿಂದ ಹೊಳಪು ಮೆದುವಾಗಿರುತ್ತದೆ, ಸ್ಯಾಟಿನ್ನಿನ ಹಾಗೆ ಮುಖಕ್ಕೆ ಬಣ್ಣ ಚಿಮ್ಮಿಸುವುದಿಲ್ಲ.

ಹಾಗೆ ತೀರ್ಮಾನ ಆಯಿತು. ಆರತಕ್ಷತೆಗೆ ಅಮ್ಮನ ಸಾಸಿವೆ ಹಳದಿ. ಧಾರೆಗೆ ಅಜ್ಜಿಯ ನವಿಲು ಬಣ್ಣ. ಮಧ್ಯಾಹ್ನ ಶಾಮಿಯಾನದ ಕೆಳಗೆ ನಡೆಯುವ ಬೀಗರ ಊಟಕ್ಕೆ ಬದನೆಕಾಯಿ. ಶಾಮಿಯಾನದ ಬಟ್ಟೆ ಬಿಳಿಯೇ ಅಂತ ಕೇಳಿ ಖಚಿತ ಮಾಡಿಕೊಂಡೆವು. ಕೆಂಪು ಅಥವಾ ನೀಲಿ ಶಾಮಿಯಾನ ಆಗಿದ್ದರೆ ಕೆಳಗೆ ಕೂತವರೆಲ್ಲರ ಮುಖಕ್ಕೂ ಅದೇ ಬಣ್ಣ ಬಳಿದ ಹಾಗಾಗುತ್ತದೆ, ಆಗ ಸೀರೆಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಇಷ್ಟವಾದ ಸೀರೆ ಒಪ್ಪದೆ ಹೋದರೆ

ಬಿಡಬೇಕಾಗಿಲ್ಲ. ಮುಖಕ್ಕೆ ಹತ್ತಿರ ಇರುವ ಒಂದು ಗೇಣು ಜಾಗವನ್ನು ಸರಿ ಮಾಡಿದರೆ ಸಾಕು. ಅದು ಬ್ಲೌಸಿನ ಕೆಲಸ.

ಬ್ಲೌಸನ್ನು ಸೀರೆಯ ಒಡಲಿನ ಬಣ್ಣಕ್ಕೇ ಹೊಲಿಸಬೇಕು ಅನ್ನುವ ನಿಯಮ ಇಲ್ಲ. ಅಂಚಿನ ಬಣ್ಣ ಮುಖಕ್ಕೆ ಒಪ್ಪಿದರೆ ಅದನ್ನೇ ತೆಗೆದುಕೊಳ್ಳಿ. ಬಟ್ಟೆ ಕತ್ತರಿಸುವ ಮೊದಲು ಆ ಬ್ಲೌಸ್ ಪೀಸನ್ನೂ ಕಿಟಕಿಯಲ್ಲಿ ಹಿಡಿದು ನೋಡಿ. ಕತ್ತಿನ ಆಕಾರವೂ ಇದರಲ್ಲಿ ಸೇರುತ್ತದೆ. ಬೋಟ್ ನೆಕ್, ಕಾಲರ್ ನೆಕ್ ಬಣ್ಣವನ್ನು ಗದ್ದದ ಹತ್ತಿರ ತರುತ್ತವೆ, ಹಾಗಾಗಿ ಬ್ಲೌಸಿನ ಬಣ್ಣ ಖಂಡಿತ ಒಪ್ಪಬೇಕು. ಮುಂದೆ ಆರು ಇಂಚು ಇಳಿಸಿದರೆ ನಡುವೆ ಚರ್ಮ ಇರುತ್ತದೆ, ಒಡವೆ ಬರುತ್ತದೆ, ಬಟ್ಟೆಯ ನೆರಳು ಗದ್ದಕ್ಕೆ ತಲುಪುವುದು ಕಡಿಮೆ. ಒಪ್ಪದ ಬಣ್ಣದ ಸೀರೆಗೆ ನಾನು ಇಳಿದ ಕತ್ತನ್ನೇ ಹೇಳುತ್ತೇನೆ.

ಗಂಡಸರಿಗೂ ಇದೇ ಕ್ರಮ. ಪಂಚೆ ಯಾವ ಬಣ್ಣದ್ದಾದರೂ ಇರಲಿ, ಮುಖಕ್ಕೆ ತಾಗುವುದು ಅಂಗಿಯ ಕಾಲರ್. ಅಚ್ಚ ಬಿಳಿ, ಬೆಣ್ಣೆ ಬಣ್ಣ ಎರಡನ್ನೂ ಎರಡು ಭುಜದ ಮೇಲೆ ಹಾಕಿ ನೋಡಿದರೆ ಯಾವುದು ಅಂತ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಪುಟ್ಟಿಯ ಸಾಸಿವೆ ಸೀರೆಗೆ ಮರೂನ್ ಬ್ಲೌಸ್ ಹೊಲಿದೆ. ಮುಂದೆ ಐದೂವರೆ ಇಂಚು ಕತ್ತು, ಮೊಣಕೈ ತನಕ ತೋಳು. ಆರತಕ್ಷತೆಯ ದಿನ ನಾನೇ ಹೋಗಿ ಉಡಿಸಿದೆ. ಸೆರಗನ್ನು ಸಣ್ಣ ಮಡಿಕೆ ಮಾಡಿ, ಮರೂನ್ ಅಂಚು ಕತ್ತಿನ ಪಕ್ಕಕ್ಕೇ ಬರುವ ಹಾಗೆ ಭುಜದ ಮೇಲೆ ಎರಡು ಪಿನ್ ಹಾಕಿದೆ, ಒಂದು ಮುಂದೆ, ಒಂದು ಹಿಂದೆ. ಒಂದೇ ಪಿನ್ ಹಾಕಿದರೆ ಊಟ ಬಡಿಸುವ ಓಡಾಟದಲ್ಲಿ ಸೆರಗು ಜಾರಿ ಹಳದಿ ಮತ್ತೆ ಕತ್ತಿಗೆ ಬಂದುಬಿಡುತ್ತದೆ.